ಬಿಸಿಲಿನ ದಿನ ಬಸುರಿಯ ಹೊಟ್ಟೆ ಗಟ್ಟಿಯಾದರೆ

ಏಳನೇ ತಿಂಗಳು ದಾಟಿದ ಗರ್ಭಿಣಿಯರು ಬೇಸಿಗೆಯ ಮಧ್ಯಾಹ್ನಗಳಲ್ಲಿ ಗಾಬರಿಯಿಂದ ಆಸ್ಪತ್ರೆಗೆ ಬರುವುದಕ್ಕೆ ಮುಖ್ಯವಾದ ಒಂದು ಕಾರಣವಿದೆ. ಹೊಟ್ಟೆ ಮತ್ತೆ ಮತ್ತೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಸ್ವಲ್ಪ ಹೊತ್ತಿಗೆ ಸಡಿಲವಾಗುತ್ತದೆ. ಜೊತೆಗೆ ತಲೆಸುತ್ತು, ವಾಕರಿಕೆ, ಎದ್ದು ನಿಂತರೆ ಕಣ್ಣು ಕತ್ತಲೆ. ಹೆಚ್ಚಿನ ಸಲ ಇದು ದೇಹದಲ್ಲಿ ನೀರು ಕಡಿಮೆಯಾದುದರ ಫಲ. ಕೆಲವು ಸಲ ಮಾತ್ರ ನಿಜವಾದ ಅಕಾಲಿಕ ಹೆರಿಗೆ ನೋವು. ಒಂದನ್ನು ಇನ್ನೊಂದೆಂದು ತಿಳಿದು ಮನೆಯಲ್ಲೇ ಕಾಯುತ್ತ ಕೂರುವುದು ಅಪಾಯಕಾರಿ. ಅದಕ್ಕಾಗಿಯೇ ಈ ವಿಷಯವನ್ನು ಒಂದು ಪ್ರಕರಣದ ಮೂಲಕ ಬಿಡಿಸಿ ಹೇಳುತ್ತೇನೆ.

ಮೂವತ್ತೊಂದು ವಾರ ತುಂಬಿದ್ದ ಒಬ್ಬ ಮಹಿಳೆ, ಎರಡನೇ ಬಸಿರು. ಬಟ್ಟೆ ತಯಾರಿಸುವ ಘಟಕದಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಂತು ಮಾಡುವ ಕೆಲಸ. ಎದುರಿಗೆ ಹಬೆ, ತಲೆಯ ಮೇಲೆ ತಗಡಿನ ಛಾವಣಿ. ಬೆಳಗಿನಿಂದ ಏನು ಕುಡಿದಿರಿ ಎಂದು ಕೇಳಿದಾಗ ಅವರು ಸಂಕೋಚದಿಂದ ಹೇಳಿದರು: "ಎರಡು ಲೋಟ ನೀರು, ಡಾಕ್ಟರೇ. ಶೌಚಾಲಯ ದೂರ ಇದೆ. ಮತ್ತೆ ಮತ್ತೆ ಹೋದರೆ ಮೇಲ್ವಿಚಾರಕರು ಗಡಿಯಾರ ನೋಡುತ್ತಾರೆ." ಇದು ಅವರೊಬ್ಬರ ಮಾತಲ್ಲ. ಗರ್ಭಿಣಿಯರು ನೀರು ಕಡಿಮೆ ಕುಡಿಯುವುದು ನೀರಿನ ಮಹತ್ವ ತಿಳಿಯದೆ ಅಲ್ಲ, ಮೂತ್ರಕ್ಕೆ ಹೋಗುವ ಅನುಕೂಲವಿಲ್ಲದೆ. ಅದನ್ನು ಕೇಳದೆ "ಚೆನ್ನಾಗಿ ನೀರು ಕುಡಿಯಿರಿ" ಎಂದು ಚೀಟಿಯಲ್ಲಿ ಬರೆದು ಕಳುಹಿಸಿದರೆ ಏನೂ ಪ್ರಯೋಜನವಿಲ್ಲ.

ಅವರ ಚರ್ಮ ಬಿಳಿಚಿಕೊಂಡು, ಬೆವರಿನಿಂದ ತಣ್ಣಗೆ ಒದ್ದೆಯಾಗಿತ್ತು. ಜ್ವರಮಾಪಕ 37.9 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಮಲಗಿದ್ದಾಗ ನಾಡಿ ನಿಮಿಷಕ್ಕೆ 112, ಎದ್ದು ನಿಂತ ಕೂಡಲೇ 140 ದಾಟಿತು. ರಕ್ತದೊತ್ತಡ 96/60. ಮೂತ್ರ ಗಾಢ ಕಂದು ಹಳದಿ, ಪರೀಕ್ಷಾ ಪಟ್ಟಿಯಲ್ಲಿ ಕೀಟೋನ್ ಇತ್ತು. ಪ್ರೋಟೀನ್ ಇರಲಿಲ್ಲ, ಸೋಂಕಿನ ಗುರುತೂ ಇರಲಿಲ್ಲ. ಎಂಟು ಹತ್ತು ನಿಮಿಷಕ್ಕೊಮ್ಮೆ ಹೊಟ್ಟೆ ಗಟ್ಟಿಯಾಗುತ್ತಿತ್ತು. ಮಗುವಿನ ಹೃದಯ ಬಡಿತ 168, ಅಂದರೆ ಸಾಮಾನ್ಯ ಮಿತಿಯಾದ 110ರಿಂದ 160ಕ್ಕಿಂತ ತುಸು ಹೆಚ್ಚು. ಒಳಪರೀಕ್ಷೆಯಲ್ಲಿ ಗರ್ಭಕಂಠ ಮುಚ್ಚಿಯೇ ಇತ್ತು. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ನೀರಿನ ಕೊರತೆಯೂ ಸೇರಿದ ಶಾಖದ ಬಳಲಿಕೆ ಎಂಬ ಚಿತ್ರ ಮೂಡುತ್ತದೆ.

ಇದು ಬಸುರಿಯರನ್ನು ಬೇಗ ಹಿಡಿಯುವುದೇಕೆ? ಗರ್ಭಾವಸ್ಥೆಯಲ್ಲಿ ರಕ್ತದ ಪ್ರಮಾಣ 40ರಿಂದ 50 ಶೇಕಡಾ ಹೆಚ್ಚುತ್ತದೆ, ರಕ್ತನಾಳಗಳು ಹಿಗ್ಗಿರುತ್ತವೆ. ಈ ಹೆಚ್ಚಿನ ರಕ್ತದ ಬಹುಪಾಲು ನೀರೇ. ಮಗುವಿನ ಮೈ ತಾಯಿಯ ಮೈಗಿಂತ ಸುಮಾರು ಅರ್ಧ ಡಿಗ್ರಿ ಹೆಚ್ಚು ಬೆಚ್ಚಗಿರುತ್ತದೆ. ಆ ಶಾಖವೂ ಮಾಸಿನ ಮೂಲಕ ತಾಯಿಯ ರಕ್ತಕ್ಕೆ ಬಂದು ಆಕೆಯ ಚರ್ಮದಿಂದಲೇ ಹೊರಹೋಗಬೇಕು. ಸೆಕೆ ಏರಿದಾಗ ದೇಹ ತಣ್ಣಗಾಗಲು ಹೆಚ್ಚು ರಕ್ತವನ್ನು ಚರ್ಮದ ಕಡೆಗೆ ಕಳುಹಿಸುತ್ತದೆ, ಜೊತೆಗೆ ಬೆವರಿನಲ್ಲಿ ನೀರನ್ನೂ ಉಪ್ಪನ್ನೂ ಕಳೆದುಕೊಳ್ಳುತ್ತದೆ. ಕುಡಿದದ್ದು ಸಾಲದಿದ್ದರೆ ಚರ್ಮ, ಗರ್ಭಕೋಶ, ಮಿದುಳು ಮೂರಕ್ಕೂ ಹಂಚುವಷ್ಟು ರಕ್ತ ಉಳಿಯುವುದಿಲ್ಲ. ನಿಂತಾಗ ಕಣ್ಣು ಕತ್ತಲೆ ಬರುವುದು, ನಾಡಿ ಓಡುವುದು, ಗರ್ಭಕೋಶ ಕೆರಳಿ ಹಿಂಡುವುದು ಇಲ್ಲಿಂದ ಶುರು.

ಆ ದಿನ ಮೊದಲು ಮಾಡಿದ್ದು ಅವರನ್ನು ತಂಪಾದ ಕೋಣೆಯಲ್ಲಿ ಎಡಮಗ್ಗುಲಿಗೆ ಮಲಗಿಸಿದ್ದು. ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ಹೊಟ್ಟೆಯ ದೊಡ್ಡ ರಕ್ತನಾಳವನ್ನು ಒತ್ತಿ, ಹೃದಯಕ್ಕೆ ಮರಳುವ ರಕ್ತವನ್ನು ಇನ್ನಷ್ಟು ತಗ್ಗಿಸುತ್ತದೆ. ಸೊಂಟದ ಬಿಗಿ ಪಟ್ಟಿ ಬಿಚ್ಚಿದೆವು. ಕುತ್ತಿಗೆ, ಕಂಕುಳು, ಕೈಕಾಲುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಫ್ಯಾನ್ ಹಾಕಿದೆವು. ಕೋಣೆಯ ಗಾಳಿಯೇ ಚರ್ಮಕ್ಕಿಂತ ಬಿಸಿಯಾಗಿದ್ದರೆ ಒಣ ಮೈಗೆ ಫ್ಯಾನ್ ಬರಿದೆ ಬಿಸಿಗಾಳಿ ಬೀಸುತ್ತದೆ. ಮೈ ಒದ್ದೆಯಾಗಿದ್ದರೆ ಆ ನೀರು ಆವಿಯಾಗುತ್ತ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಪ್ಯಾರಾಸಿಟಮಾಲ್ ಕೊಡಬಹುದೇ ಎಂದು ಜೊತೆಯಲ್ಲಿ ಬಂದವರು ಕೇಳಿದರು. ಸೋಂಕಿನಿಂದ ಬಂದ ಜ್ವರಕ್ಕೆ ಅದು ಸರಿ. ಬಿಸಿಲಿನಿಂದ ಏರಿದ ಮೈಬಿಸಿಯನ್ನು ಅದು ಇಳಿಸುವುದಿಲ್ಲ.

"ಡ್ರಿಪ್ ಹಾಕಿಬಿಡಿ, ಬೇಗ ಶಕ್ತಿ ಬರುತ್ತದೆ" ಎಂದರು ಅತ್ತೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ವಾಂತಿಯಿಲ್ಲದೆ ಕುಡಿಯಲು ಆಗುತ್ತಿರುವಾಗ ಬಾಯಿಯ ದಾರಿಯೇ ಸಾಕು. ಓಆರ್‌ಎಸ್‌ನಲ್ಲಿರುವ ಗ್ಲೂಕೋಸ್ ಕರುಳಿನಲ್ಲಿ ಉಪ್ಪನ್ನು ತನ್ನೊಂದಿಗೆ ಒಳಗೆ ಕರೆದೊಯ್ಯುತ್ತದೆ, ಉಪ್ಪಿನ ಹಿಂದೆ ನೀರು ಬರುತ್ತದೆ. ಒಂದು ಲೀಟರಿಗೆಂದು ಮಾಡಿದ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೇ ಕಲಸಬೇಕು. ಒಂದು ಲೋಟಕ್ಕೆ ಅರ್ಧ ಪೊಟ್ಟಣ ಹಾಕಿದರೆ ತೀರಾ ಉಪ್ಪಾಗಿ ಬಾಯಾರಿಕೆಯನ್ನೂ ಭೇದಿಯನ್ನೂ ಹೆಚ್ಚಿಸುತ್ತದೆ. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಬೇಕು. ಅವರಿಗೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಅರ್ಧ ಲೋಟದಷ್ಟು ಗುಟುಕು ಗುಟುಕಾಗಿ ಕೊಟ್ಟೆವು. ಗಟಗಟನೆ ಕುಡಿದರೆ ವಾಕರಿಕೆ ಬಂದು ಎಲ್ಲ ಹೊರಬೀಳುತ್ತದೆ.

ಮುಕ್ಕಾಲು ಗಂಟೆಯಲ್ಲಿ ಹೊಟ್ಟೆ ಗಟ್ಟಿಯಾಗುವುದು ಇಪ್ಪತ್ತು ನಿಮಿಷಕ್ಕೊಮ್ಮೆಯಾಯಿತು, ಆಮೇಲೆ ನಿಂತಿತು. ಸುಮಾರು ಎರಡು ಗಂಟೆಯ ನಂತರ ತಿಳಿ ಹಳದಿ ಮೂತ್ರ ಬಂತು. ಮಗುವಿನ ಬಡಿತ 146ಕ್ಕೆ ಇಳಿಯಿತು. ಗರ್ಭಕಂಠ ಮೊದಲಿದ್ದಂತೆಯೇ ಮುಚ್ಚಿತ್ತು. ಸಂಜೆಗೆ ಮನೆಗೆ ಕಳುಹಿಸಿದೆವು.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಯಾಗಬಾರದು. ನೀರು ಹೆರಿಗೆ ನೋವಿಗೆ ಮದ್ದಲ್ಲ. ನೀರಿನ ಕೊರತೆಯಿಂದ ಬಂದ ಹಿಂಡುವಿಕೆ ಮಾತ್ರ ನೀರಿನಿಂದ ತಗ್ಗುತ್ತದೆ. ನಿಜವಾದ ಅಕಾಲಿಕ ಹೆರಿಗೆಯನ್ನು ಲೀಟರುಗಟ್ಟಲೆ ನೀರು ಕುಡಿದರೂ, ಡ್ರಿಪ್ ಹಾಕಿದರೂ ತಡೆಯಲಾಗುವುದಿಲ್ಲ. ಆದ್ದರಿಂದ ಮನೆಯಲ್ಲಿ ನೀರು ಕುಡಿದು ಮಲಗುವುದಕ್ಕೆ ಒಂದು ಗಡುವು ಇರಲಿ, ಗಡಿಯಾರ ಎದುರಿಗಿರಲಿ. ಒಂದು ಗಂಟೆ ಕಳೆದರೂ ಹಿಂಡುವಿಕೆ ತಗ್ಗದಿದ್ದರೆ, ಗಂಟೆಗೆ ಆರು ಸಲ ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಅಂತರ ಕಿರಿದಾಗುತ್ತ ಹೋದರೆ ಹೊರಡಬೇಕು. ನೀರು ಸೋರಿದರೆ, ರಕ್ತ ಕಂಡರೆ, ಕೆಳಹೊಟ್ಟೆಯಲ್ಲಿ ಒತ್ತಿದಂತಾದರೆ ಆ ಒಂದು ಗಂಟೆಯನ್ನೂ ಕಾಯಬಾರದು. ಮಗುವಿನ ಚಲನೆಯೂ ಹಾಗೆಯೇ. ತಂಪಾಗಿ ಎಡಮಗ್ಗುಲಿಗೆ ಮಲಗಿ ಗಮನವಿಟ್ಟು ನೋಡಿದ ಮೇಲೂ ಎಂದಿನಂತೆ ಆಡುತ್ತಿಲ್ಲ ಅನ್ನಿಸಿದರೆ ಅಂದೇ ತೋರಿಸಿ, ನಾಳೆಗೆ ಬಿಡಬೇಡಿ.

ದಿನಕ್ಕೆ ಎಷ್ಟು ಕುಡಿಯಬೇಕು ಎಂಬ ಪ್ರಶ್ನೆ ಎಲ್ಲರದು. ಸಾಮಾನ್ಯ ದಿನಗಳಲ್ಲಿ ಗರ್ಭಿಣಿಗೆ ಕುಡಿಯುವ ದ್ರವಗಳೆಲ್ಲ ಸೇರಿ ಸುಮಾರು 2.3 ಲೀಟರ್ ಎಂಬ ಲೆಕ್ಕವಿದೆ; ಸೆಕೆಯಲ್ಲಿ ದುಡಿಯುವವರಿಗೆ ಅದು ಸಾಲದು. ನಾನು ಲೀಟರಿನ ಲೆಕ್ಕಕ್ಕಿಂತ ಮೂತ್ರದ ಬಣ್ಣವನ್ನು ಹೆಚ್ಚು ನಂಬುತ್ತೇನೆ. ತಿಳಿ ಹಳದಿಯಿದ್ದು, ಮೂರು ನಾಲ್ಕು ಗಂಟೆಗೊಮ್ಮೆ ಧಾರಾಳವಾಗಿ ಹೋಗುತ್ತಿದ್ದರೆ ಸರಿ. ಬಿ ಕಾಂಪ್ಲೆಕ್ಸ್ ಇರುವ ಮಾತ್ರೆ ತೆಗೆದುಕೊಂಡ ಕೆಲವು ಗಂಟೆ ಮೂತ್ರ ಹೊಳೆಯುವ ಹಳದಿಯಾಗುತ್ತದೆ. ಅದನ್ನು ನೋಡಿ ಹೆದರಬೇಕಿಲ್ಲ, ಪ್ರಮಾಣ ಮತ್ತು ಸಲಗಳನ್ನು ಗಮನಿಸಿ. ಬಾಯಾರಿಕೆಗಾಗಿ ಕಾಯುತ್ತ ಕೂರುವುದು ಬೇಡ. ಹಾಗೆಂದು ಗಂಟೆಗೆ ಒಂದೂವರೆ ಲೀಟರ್‌ನಂತೆ ಬರಿ ನೀರನ್ನೇ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿಯುತ್ತದೆ, ಅದೂ ಅಪಾಯವೇ. ಬಹಳ ಬೆವರಿದ ದಿನ ಊಟದ ಉಪ್ಪು ಬಿಡಬೇಡಿ. ತಂಪು ಪಾನೀಯಗಳಲ್ಲಿ ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆಯಿರುತ್ತದೆ, ಓಆರ್‌ಎಸ್‌ನಲ್ಲಿ 13.5 ಗ್ರಾಂ ಗ್ಲೂಕೋಸ್ ಮಾತ್ರ. ಗರ್ಭಾವಸ್ಥೆಯ ಮಧುಮೇಹ ಇರುವವರಿಗೆ ಈ ಅಂತರ ಬಹಳ ದೊಡ್ಡದು. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ತಮ್ಮ ವೈದ್ಯರು ಹೇಳಿದ ಪ್ರಮಾಣವನ್ನು ಮೀರಬಾರದು.

ಬಟ್ಟೆಯ ವಿಷಯದಲ್ಲಿ ಹತ್ತಿ, ಸಡಿಲ, ಒಂದೇ ಪದರ ಎಂಬುದಿಷ್ಟು ಸಾಕು. ಮೇಲಿನ ಉಡುಪು ಹತ್ತಿಯದಾಗಿದ್ದು ಒಳಗಿನದು ಬಿಗಿಯಾದ ಸಿಂಥೆಟಿಕ್ ಆಗಿದ್ದರೆ ಬೆವರು ಅಲ್ಲಿಯೇ ನಿಲ್ಲುತ್ತದೆ, ತೊಡೆಸಂದಿನಲ್ಲೂ ಸ್ತನದ ಕೆಳಗೂ ತುರಿಕೆ ಹಿಡಿಯುತ್ತದೆ.

ವಿಶ್ರಾಂತಿಯನ್ನು ಕೆಲಸದೊಳಗೇ ಹೊಂದಿಸಬೇಕು. ಆ ಮಹಿಳೆಗೆ ನಾನು ಕೊಟ್ಟ ಚೀಟಿಯಲ್ಲಿ ಔಷಧಿಗಿಂತ ಹೆಚ್ಚಾಗಿ ಇದ್ದದ್ದು ಮೇಲ್ವಿಚಾರಕರಿಗೆ ಬರೆದ ಸಾಲುಗಳು: ಹಬೆಯ ಮೇಜಿನಿಂದ ಕುಳಿತು ಮಾಡುವ ಕೆಲಸಕ್ಕೆ ಬದಲಿಸಬೇಕು, ಗಂಟೆಗೊಮ್ಮೆ ಹತ್ತು ನಿಮಿಷ ನೆರಳಿನಲ್ಲಿ ಕೂರಲು ಬಿಡಬೇಕು, ಶೌಚಾಲಯಕ್ಕೆ ಹೋಗುವುದನ್ನು ತಡೆಯಬಾರದು. ಮುಂದಿನ ತಪಾಸಣೆಗೆ ಬಂದಾಗ ಮಡಿಸುವ ವಿಭಾಗದಲ್ಲಿ ಕುರ್ಚಿ ಸಿಕ್ಕಿದೆ ಎಂದರು.

ಶಾಖದ ಬಳಲಿಕೆ ಮಿತಿ ಮೀರಿದ್ದನ್ನು ಗುರುತಿಸಲು ಮೈಬಿಸಿಗಿಂತ ಮೊದಲು ಮಾತನ್ನು ನೋಡಿ. ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ, ತೊದಲು, ತೂರಾಟ, ಪ್ರಜ್ಞೆ ಮಂಕಾಗುವುದು ಕಂಡರೆ ಅದು ಬಿಸಿಲಾಘಾತ. ಚರ್ಮ ಒಣಗಿರಲೇಬೇಕೆಂದೇನೂ ಇಲ್ಲ, ಬೆವರುತ್ತಲೇ ಇರಬಹುದು. ಬಾಯಿಗೆ ನೀರು ಹಾಕಬೇಡಿ, ಉಸಿರಾಟದ ದಾರಿಗೆ ಹೋಗುತ್ತದೆ. ತಂಪು ನೀರನ್ನು ಮೈಮೇಲೆ ಹಾಕುತ್ತ, ಗಾಳಿ ಬೀಸುತ್ತ ಆಂಬುಲೆನ್ಸ್ ಕರೆಯಿರಿ.

ಇನ್ನೊಂದು ಕಡೆ, ಎಲ್ಲವನ್ನೂ ಬಿಸಿಲಿನ ತಲೆಗೆ ಕಟ್ಟಬಾರದು. ಸೆಕೆಗೆ ಸಂಜೆಯ ಹೊತ್ತು ಪಾದ ಊದುವುದು ಸಾಮಾನ್ಯ, ರಾತ್ರಿ ಕಾಲು ಎತ್ತರದಲ್ಲಿಟ್ಟು ಮಲಗಿದರೆ ಇಳಿಯುತ್ತದೆ. ಬೆಳಿಗ್ಗೆ ಎದ್ದಾಗಲೇ ಮುಖ, ಕೈ ಊದಿದ್ದರೆ, ತಲೆನೋವು ನೀರಿಗೂ ವಿಶ್ರಾಂತಿಗೂ ಬಗ್ಗದಿದ್ದರೆ, ಕಣ್ಣು ಮಂಜಾದರೆ, ಪಕ್ಕೆಲುಬಿನ ಕೆಳಗೆ ನೋವಿದ್ದರೆ ಅದು ಗರ್ಭಾವಸ್ಥೆಯ ಅಧಿಕ ರಕ್ತದೊತ್ತಡದ ಕಾಯಿಲೆಯಾಗಿರಬಹುದು. ನೀರು ಕಡಿಮೆಯಾದವರಲ್ಲಿ ರಕ್ತದೊತ್ತಡ ಹೆಚ್ಚಾಗಿ ತಗ್ಗಿರುತ್ತದೆ. ಈ ಕಾಯಿಲೆಯಲ್ಲಿ 140/90 ಮುಟ್ಟುತ್ತದೆ ಅಥವಾ ದಾಟುತ್ತದೆ. ಎರಡನ್ನೂ ಬೇರ್ಪಡಿಸಲು ರಕ್ತದೊತ್ತಡ ಅಳೆದು, ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ನೋಡಿದರೆ ಹೆಚ್ಚಿನ ಮಟ್ಟಿಗೆ ತಿಳಿಯುತ್ತದೆ, ಅದಕ್ಕೆ ಹತ್ತು ನಿಮಿಷವೂ ಬೇಕಿಲ್ಲ. ಬಿಸಿಲಿಗೆ ತಲೆನೋವು ಎಂದುಕೊಂಡು ಮನೆಯಲ್ಲಿ ಮಲಗುವ ಮೊದಲು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಆ ಪರೀಕ್ಷೆ ಮಾಡಿಸಿಕೊಳ್ಳಿ.