ಹಾರ್ಡ್‌ವೇರ್ ಎನ್‌ಕೋಡಿಂಗ್: ಸಮಯ ಎಲ್ಲಿ ಉಳಿಯುತ್ತದೆ, ಚಿತ್ರ ಎಲ್ಲಿ ಕೆಡುತ್ತದೆ

ವಿಡಿಯೋ ಎಕ್ಸ್‌ಪೋರ್ಟ್ ಮಾಡುವಾಗ, ಅದನ್ನು ಕುಗ್ಗಿಸಿ ಫೈಲ್ ಮಾಡುವ ಎನ್‌ಕೋಡಿಂಗ್ ಕೆಲಸಕ್ಕೆ Software Encoding, Hardware Encoding ಅಂತ ಎರಡು ಆಯ್ಕೆ ಕಾಣುತ್ತವೆ. ಎರಡನೆಯದು ಬೇಗ ಮುಗಿಸುತ್ತದೆ ಅಂತ ಎಲ್ಲರೂ ಕೇಳಿರುತ್ತೀರಿ. ಆದರೆ ಕೆಲವು ಪ್ರಾಜೆಕ್ಟ್‌ಗಳಲ್ಲಿ ಅದನ್ನು ಆರಿಸಿದರೂ ಒಂದು ನಿಮಿಷವೂ ಉಳಿಯುವುದಿಲ್ಲ. ಇನ್ನು ಕೆಲವದರಲ್ಲಿ ಬೇಗ ಮುಗಿಯುತ್ತದೆ, ಫೈಲ್ ಕೂಡ ಅಷ್ಟೇ ದೊಡ್ಡದು, ಆದರೆ ಕತ್ತಲೆಯ ದೃಶ್ಯ ಚೌಕಚೌಕವಾಗಿ ಒಡೆದಿರುತ್ತದೆ. ಇದು ಯಾಕೆ ಹೀಗೆ ಅನ್ನುವುದಕ್ಕೆ ಈ ಟಿಪ್ಪಣಿ. ಉದಾಹರಣೆಗೆ ಎಚ್.264 ಫಾರ್ಮ್ಯಾಟ್, ಹಾರ್ಡ್‌ವೇರ್ ಕಡೆಯಿಂದ ಎನ್ವಿಡಿಯಾದ ಎನ್‌ವೆಂಕ್ ಮತ್ತು ಸಾಫ್ಟ್‌ವೇರ್ ಕಡೆಯಿಂದ ಎಕ್ಸ್264 ಇವಿಷ್ಟನ್ನೇ ತಗೊಂಡಿದ್ದೇನೆ.

ಕೆಲಸ ಮಾಡುವವರು ಯಾರು

ಗ್ರಾಫಿಕ್ಸ್ ಕಾರ್ಡಿನ ಸಾವಿರಾರು ಕೋರ್‌ಗಳು ಸೇರಿ ವಿಡಿಯೋ ಎನ್‌ಕೋಡ್ ಮಾಡುತ್ತವೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಆ ಕೋರ್‌ಗಳು ಮಾಡುವುದು ಬಣ್ಣ ತಿದ್ದುವುದು, ಬ್ಲರ್, ಲೇಯರ್‌ಗಳನ್ನು ಕೂಡಿಸುವುದು, ಇಂಥ ಕೆಲಸ. ಎನ್‌ಕೋಡಿಂಗ್‌ಗೆ ಅಂತಲೇ ಚಿಪ್‌ನಲ್ಲಿ ಬೇರೆ ಸಣ್ಣ ಸರ್ಕ್ಯೂಟ್ ಇರುತ್ತದೆ. ಇಂಟೆಲ್ 2011ರಲ್ಲಿ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರ್ ಜೊತೆ ಕ್ವಿಕ್ ಸಿಂಕ್ ತಂದಿತು. ಎನ್ವಿಡಿಯಾ 2012ರ ಕೆಪ್ಲರ್ ಕಾರ್ಡ್‌ಗಳಲ್ಲಿ ಎನ್‌ವೆಂಕ್ ಇಟ್ಟಿತು.

ಹಾಗಾಗಿ ಎಫೆಕ್ಟ್‌ಗಳಿಗೆ ಜಿಪಿಯು ಬಳಸುವ ಸೆಟ್ಟಿಂಗ್ ಬೇರೆ, ಹಾರ್ಡ್‌ವೇರ್ ಎನ್‌ಕೋಡಿಂಗ್ ಬೇರೆ. ಒಂದು ಆನ್ ಇದ್ದು ಇನ್ನೊಂದು ಆಫ್ ಇರಬಹುದು. ಹಾಗೆಯೇ, ಒಂದೇ ತಲೆಮಾರಿನ ದುಬಾರಿ ಕಾರ್ಡ್ ತಗೊಂಡರೆ ಎನ್‌ಕೋಡಿಂಗ್ ಗುಣಮಟ್ಟ ಸಾಮಾನ್ಯವಾಗಿ ಏರುವುದಿಲ್ಲ. ಒಳಗಿರುವುದು ಬಹುತೇಕ ಅದೇ ಸರ್ಕ್ಯೂಟ್ ಅಲ್ವಾ. ಗುಣಮಟ್ಟ ಬದಲಾಗುವುದು ತಲೆಮಾರು ಬದಲಾದಾಗ. ಎನ್ವಿಡಿಯಾದ 2018ರ ಟ್ಯೂರಿಂಗ್ ತಲೆಮಾರು ಅಂಥ ಒಂದು ಒಳ್ಳೆಯ ಜಿಗಿತ.

ಸಮಯದ ಲೆಕ್ಕ

ಎಕ್ಸ್‌ಪೋರ್ಟ್‌ನಲ್ಲಿ ಮೂರು ಹಂತ: ಮೂಲ ಫೈಲ್ ಬಿಚ್ಚುವುದು, ಎಫೆಕ್ಟ್ ಹಾಕುವುದು, ಎನ್‌ಕೋಡ್ ಮಾಡುವುದು. ಮೂರೂ ಸರಿಸುಮಾರು ಒಟ್ಟಿಗೇ ನಡೆಯುತ್ತವೆ. ಅದಕ್ಕೇ ಎಲ್ಲಕ್ಕಿಂತ ನಿಧಾನವಾದ ಹಂತ ಒಟ್ಟು ವೇಗವನ್ನು ತೀರ್ಮಾನಿಸುತ್ತದೆ.

10 ನಿಮಿಷದ, ಸೆಕೆಂಡಿಗೆ 30 ಫ್ರೇಮ್ ಇರುವ ವಿಡಿಯೋ ಅಂದರೆ 18,000 ಫ್ರೇಮ್. ಎಫೆಕ್ಟ್ ಹಂತ ಸೆಕೆಂಡಿಗೆ 45 ಫ್ರೇಮ್ ಕೊಡುತ್ತದೆ, ಸಾಫ್ಟ್‌ವೇರ್ ಎನ್‌ಕೋಡರ್ 30 ಫ್ರೇಮ್ ಮುಗಿಸುತ್ತದೆ ಅಂತ ಇಟ್ಟುಕೊಳ್ಳಿ. ಒಟ್ಟು ವೇಗ 30, ಸಮಯ 10 ನಿಮಿಷ. ಈಗ 200 ಫ್ರೇಮ್ ನುಂಗುವ ಹಾರ್ಡ್‌ವೇರ್ ಎನ್‌ಕೋಡರ್ ಹಾಕಿದರೆ? ವೇಗ 200 ಆಗುವುದಿಲ್ಲ, 45ಕ್ಕೆ ನಿಲ್ಲುತ್ತದೆ. ಸಮಯ 6 ನಿಮಿಷ 40 ಸೆಕೆಂಡ್. ಇದೇ ಟೈಮ್‌ಲೈನ್‌ಗೆ ಭಾರಿ ನಾಯ್ಸ್ ರಿಡಕ್ಷನ್ ಹಾಕಿ ಎಫೆಕ್ಟ್ ಹಂತ 12 ಫ್ರೇಮ್‌ಗೆ ಇಳಿದರೆ ಯಾವ ಎನ್‌ಕೋಡರ್ ಇದ್ದರೂ ಸುಮಾರು 25 ನಿಮಿಷವೇ. ಅಲ್ಲಿ ಹಾರ್ಡ್‌ವೇರ್ ಆರಿಸಿದರೆ ಗುಣಮಟ್ಟ ಸುಮ್ನೆ ಹೋಯಿತು, ಸಮಯ ಉಳಿಯಲಿಲ್ಲ.

ನಿಮ್ಮ ಕಂಪ್ಯೂಟರಿನಲ್ಲಿ ಅಡ್ಡಿ ಎಲ್ಲಿದೆ ಅಂತ ನೋಡುವುದು ಸುಲಭ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ GPU ಪುಟ ತೆರೆದು Video Encode ಗ್ರಾಫ್ ನೋಡಿ. ಅದು ಸೊನ್ನೆಯಲ್ಲೇ ಇದ್ದರೆ ಹಾರ್ಡ್‌ವೇರ್ ಎನ್‌ಕೋಡರ್ ಬಳಕೆಯಾಗುತ್ತಲೇ ಇಲ್ಲ. 20 ಶೇಕಡದ ಆಸುಪಾಸಿನಲ್ಲಿ ಆಡುತ್ತಿದ್ದರೆ ಅದು ಫ್ರೇಮ್‌ಗಳಿಗಾಗಿ ಕಾಯುತ್ತಿದೆ. ಅಂದರೆ ನಿಧಾನ ಇರುವುದು ಹಿಂದಿನ ಹಂತದಲ್ಲಿ.

ಚಿತ್ರ ಯಾಕೆ ಸ್ವಲ್ಪ ಕೆಡುತ್ತದೆ

ಎಚ್.264 ಪ್ರತಿ ಫ್ರೇಮನ್ನೂ 16×16 ಪಿಕ್ಸೆಲ್‌ನ ಚೌಕಗಳಾಗಿ ನೋಡುತ್ತದೆ. 1080ಪಿ ಫ್ರೇಮ್‌ನಲ್ಲಿ ಇಂಥ ಚೌಕ 8,160. ಪ್ರತಿ ಚೌಕಕ್ಕೂ ಎನ್‌ಕೋಡರ್ ಕೆಲವು ತೀರ್ಮಾನ ಮಾಡಬೇಕು. ಇದು ಹಿಂದಿನ ಫ್ರೇಮ್‌ನಲ್ಲಿ ಎಲ್ಲಿತ್ತು? ಇದನ್ನು ಇನ್ನೂ ಸಣ್ಣ ಭಾಗ ಮಾಡಬೇಕಾ? ಇದಕ್ಕೆ ಎಷ್ಟು ಬಿಟ್ ಖರ್ಚು ಮಾಡಬಹುದು?

ಎಕ್ಸ್264ನ slow ಪ್ರಿಸೆಟ್, ಅಂದರೆ ನಿಧಾನವಾಗಿ ಓಡುವ ಸಿದ್ಧ ಸೆಟ್ಟಿಂಗ್, ಈ ಪ್ರಶ್ನೆಗಳಿಗೆ ಹಲವು ಉತ್ತರ ಪ್ರಯತ್ನಿಸಿ, ಕಡಿಮೆ ಬಿಟ್‌ನಲ್ಲಿ ಚೆನ್ನಾಗಿ ಕಾಣುವುದನ್ನು ಉಳಿಸಿಕೊಳ್ಳುತ್ತದೆ. ಕಷ್ಟದ ಫ್ರೇಮ್ ಬಂದರೆ ಜಾಸ್ತಿ ಹೊತ್ತು ತಗೊಳ್ಳುತ್ತದೆ. ಸರ್ಕ್ಯೂಟ್‌ಗೆ ಆ ಸ್ವಾತಂತ್ರ್ಯ ಇಲ್ಲ. ಅದನ್ನು ಲೈವ್ ಸ್ಟ್ರೀಮ್‌ಗೂ ಒಗ್ಗುವಂತೆ ಕಟ್ಟಿರುತ್ತಾರೆ, ಆದ್ದರಿಂದ ಹುಡುಕಾಟಕ್ಕೆ ಮಿತಿ ಚಿಪ್‌ನಲ್ಲೇ ಬರೆದಿರುತ್ತದೆ. ಅದೇ ಬಿಟ್‌ರೇಟ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟೇ ಬಿಟ್ ಖರ್ಚು ಮಾಡಿದಾಗ, ಸ್ವಲ್ಪ ಕಡಿಮೆ ಗುಣಮಟ್ಟ, ಇಲ್ಲವೇ ಅದೇ ಗುಣಮಟ್ಟಕ್ಕೆ ಸ್ವಲ್ಪ ದೊಡ್ಡ ಫೈಲ್ ಬರುವುದು ಹೀಗೆ.

ಒಂದು ವಿಷಯ ಮಾತ್ರ ನ್ಯಾಯವಾಗಿ ಹೇಳಬೇಕು. ಹೋಲಿಕೆ ಯಾವ ಪ್ರಿಸೆಟ್ ಜೊತೆ ಅನ್ನುವುದು ಮುಖ್ಯ. ಟ್ಯೂರಿಂಗ್ ನಂತರದ ಎನ್‌ವೆಂಕ್ ಸಾಮಾನ್ಯವಾಗಿ ಎಕ್ಸ್264ನ veryfast ಅನ್ನು ಮೀರಿಸುತ್ತದೆ. ಆದ್ದರಿಂದ 'ಸಾಫ್ಟ್‌ವೇರ್ ಯಾವಾಗಲೂ ಮೇಲು' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಪರೀಕ್ಷೆ ಮಾಡಿ ನೋಡುವುದು

ರಾತ್ರಿ ಬಯಲಿನಲ್ಲಿ ತೆಗೆದ ಯಕ್ಷಗಾನದ ಒಂದು ನಿಮಿಷದ ತುಣುಕು ಇದಕ್ಕೆ ಹೇಳಿ ಮಾಡಿಸಿದ್ದು. ಹಿಂದೆ ನಾಯ್ಸ್ ತುಂಬಿದ ಕತ್ತಲು, ಮುಂದೆ ಗಿರಗಿರ ಸುತ್ತುವ ವೇಷ. ಎರಡೂ ಎನ್‌ಕೋಡರ್‌ಗೆ ಕಷ್ಟದ ಕೆಲಸ. ಸುಮ್ಮನೆ ಕೂತು ಮಾತಾಡುವವರ ವಿಡಿಯೋದಲ್ಲಿ ವ್ಯತ್ಯಾಸ ಕಾಣುವುದೇ ಇಲ್ಲ. ತುಣುಕಿಗೆ ref.mp4 ಅಂತ ಹೆಸರಿಟ್ಟು, ಕಮಾಂಡ್ ಟೈಪ್ ಮಾಡಿ ಬಳಸುವ ಎಫ್‌ಎಫ್‌ಎಂಪೆಗ್ ಪ್ರೋಗ್ರಾಮಿನಲ್ಲಿ ಮೊದಲು ಎಕ್ಸ್264ನಿಂದ, ಆಮೇಲೆ ಎನ್‌ವೆಂಕ್‌ನಿಂದ ಎನ್‌ಕೋಡ್ ಮಾಡಿ:

```
ffmpeg -i ref.mp4 -an -c:v libx264 -preset slow -b:v 6M sw.mp4
ffmpeg -i ref.mp4 -an -c:v h264_nvenc -preset p6 -tune hq -rc vbr -b:v 6M -spatial-aq 1 -rc-lookahead 32 hw.mp4
```

ಎನ್‌ವೆಂಕ್‌ನಲ್ಲಿ p1 ಅತಿ ವೇಗ, p7 ಅತಿ ನಿಧಾನ. ಎರಡಕ್ಕೂ ಬಿಟ್‌ರೇಟ್ ಒಂದೇ ಕೊಟ್ಟಿರುವುದನ್ನು ಗಮನಿಸಿ. ಅದರ ಬದಲು ಗುಣಮಟ್ಟದ ಸಂಖ್ಯೆಯಾಗಿ ಒಂದರಲ್ಲಿ -crf 20, ಇನ್ನೊಂದರಲ್ಲಿ -cq 20 ಕೊಟ್ಟು ಹೋಲಿಸಿದರೆ ಅರ್ಥವಿಲ್ಲ, ಆ ಎರಡು 20ಗಳ ಅಳತೆ ಬೇರೆ ಬೇರೆ. ಮುಗಿದ ಮೇಲೆ ಎರಡೂ ಫೈಲ್‌ಗಳ ಗಾತ್ರ ಹತ್ತಿರ ಇದೆಯೇ ಅಂತಲೂ ನೋಡಿ. ಇನ್ನೊಂದು ಬಲೆ ಇದೆ: ಎನ್‌ವೆಂಕ್‌ಗೆ ಬಿಟ್‌ರೇಟ್ ಆಗಲಿ ಗುಣಮಟ್ಟದ ಸಂಖ್ಯೆ ಆಗಲಿ ಕೊಡದೆ ಬಿಟ್ಟರೆ ಎಫ್‌ಎಫ್‌ಎಂಪೆಗ್ 2 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 2 ಮೆಗಾಬಿಟ್, ಅಂತ ತಾನೇ ಹಿಡಿಯುತ್ತದೆ. 1080ಪಿ ವಿಡಿಯೋಗೆ ಅದು ತೀರಾ ಕಡಿಮೆ. 'ಎನ್‌ವೆಂಕ್ ಕೆಟ್ಟದು' ಅನ್ನುವ ದೂರುಗಳಲ್ಲಿ ಕೆಲವಾದರೂ ಇದರಿಂದಲೇ ಹುಟ್ಟಿರಬೇಕು.

ಅಂಕಿಯಲ್ಲಿ ಅಳೆಯಲು ನೆಟ್‌ಫ್ಲಿಕ್ಸ್‌ನವರು ಮಾಡಿದ ವಿಮ್ಯಾಫ್ ಇದೆ. ನಿಮ್ಮ ಎಫ್‌ಎಫ್‌ಎಂಪೆಗ್‌ನಲ್ಲಿ libvmaf ಸೇರಿರಬೇಕು. ಮೊದಲು ಎನ್‌ಕೋಡ್ ಆದ ಫೈಲ್, ಆಮೇಲೆ ಮೂಲ:

```
ffmpeg -i hw.mp4 -i ref.mp4 -lavfi libvmaf=log_fmt=json:log_path=hw.json -f null -
```

ಅಂಕ 100ರ ಹತ್ತಿರ ಇದ್ದಷ್ಟೂ ಮೂಲಕ್ಕೆ ಹತ್ತಿರ. ಸರಾಸರಿಯನ್ನಷ್ಟೇ ನಂಬಬೇಡಿ. ಲಾಗ್‌ನಲ್ಲಿ ಅತಿ ಕಡಿಮೆ ಅಂಕ ಬಂದ ಫ್ರೇಮ್‌ಗಳನ್ನು ಹುಡುಕಿ, ಅದೇ ಜಾಗವನ್ನು ಎರಡೂ ಫೈಲ್‌ಗಳಲ್ಲಿ ನಿಲ್ಲಿಸಿ ನೋಡಿ. ಕತ್ತಲೆಯಲ್ಲಿ ಚೌಕಗಳು, ವೇಷದ ಅಂಚಿನಲ್ಲಿ ಮಸುಕು ಸಿಗುವುದು ಅಲ್ಲೇ. ಅಂಕ ಎಲ್ಲಾ ಫ್ರೇಮ್‌ಗಳಲ್ಲೂ ವಿಪರೀತ ಕಡಿಮೆ ಬಂದರೆ ಎನ್‌ಕೋಡರ್ ಮೇಲೆ ಅನುಮಾನ ಪಡುವ ಮೊದಲು ಫ್ರೇಮ್‌ಗಳು ಒಂದಕ್ಕೊಂದು ಹೊಂದುತ್ತಿವೆಯೇ ನೋಡಿ. ಮೊಬೈಲ್ ವಿಡಿಯೋಗಳಲ್ಲಿ ಫ್ರೇಮ್ ದರ ಏರಿಳಿಯುತ್ತದೆ, ಎಡಿಟರ್ ಅದನ್ನು ಬದಲಿಸಿದ್ದರೆ ಹೋಲಿಕೆ ದಾರಿ ತಪ್ಪುತ್ತದೆ.

ಯಾವುದಕ್ಕೆ ಯಾವುದು

ಯೂಟ್ಯೂಬ್‌ಗೆ ಹಾಕುವುದಾದರೆ ನಾನು ಹಾರ್ಡ್‌ವೇರ್ ಆರಿಸಿ ಬಿಟ್‌ರೇಟ್ ಏರಿಸುತ್ತೇನೆ. ಯೂಟ್ಯೂಬ್ 1080ಪಿ, 30 ಫ್ರೇಮ್ ವಿಡಿಯೋಗೆ 8 ಎಂಬಿಪಿಎಸ್ ಸೂಚಿಸುತ್ತದೆ. ಹೇಗೂ ಅವರು ಮತ್ತೆ ಎನ್‌ಕೋಡ್ ಮಾಡುತ್ತಾರೆ. ನಾವು 16 ಕೊಟ್ಟರೆ ಎರಡು ಎನ್‌ಕೋಡರ್‌ಗಳ ನಡುವಿನ ವ್ಯತ್ಯಾಸ ಬಹುಪಾಲು ಕರಗಿಹೋಗುತ್ತದೆ. ಬೆಲೆ ಇಷ್ಟೇ: 10 ನಿಮಿಷದ ಫೈಲ್ 600 ಎಂಬಿ ಬದಲು 1,200 ಎಂಬಿ. ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದರೆ 4 ನಿಮಿಷದ ಜಾಗದಲ್ಲಿ 8 ನಿಮಿಷ. ಮೇಲಿನ ಲೆಕ್ಕದಲ್ಲಿ ಎಕ್ಸ್‌ಪೋರ್ಟ್‌ನಲ್ಲಿ ಉಳಿದದ್ದು 3 ನಿಮಿಷ 20 ಸೆಕೆಂಡ್. ಅಂದರೆ ನಿಧಾನದ ನೆಟ್ ಇರುವವರಿಗೆ ಒಟ್ಟಾರೆ ಲಾಭವೇ ಇಲ್ಲ, ಅವರು ಸಾಫ್ಟ್‌ವೇರ್‌ನಲ್ಲೇ 8ಕ್ಕೆ ಮುಗಿಸುವುದು ಒಳ್ಳೆಯದು.

ಎಡಿಟ್ ನಡುವೆ ಯಾರಿಗಾದರೂ ತೋರಿಸಲು ತೆಗೆಯುವ ಪ್ರತಿಗೆ ಹಾರ್ಡ್‌ವೇರ್ ಸಾಕು. ಆದರೆ ಫೈಲ್ ಗಾತ್ರಕ್ಕೆ ಮಿತಿ ಇದ್ದು, ಮತ್ತೆ ಯಾರೂ ಎನ್‌ಕೋಡ್ ಮಾಡದೆ ನೋಡುಗರು ಅದನ್ನೇ ನೋಡುವುದಾದರೆ, ಉದಾಹರಣೆಗೆ ಸ್ವಂತ ಸರ್ವರ್‌ನಿಂದ 3 ಎಂಬಿಪಿಎಸ್‌ನಲ್ಲಿ ಕೊಡುವ ಪಾಠದ ವಿಡಿಯೋ, ಎಕ್ಸ್264 slow ಹಾಕಿ ರಾತ್ರಿ ಓಡಲು ಬಿಡಿ.