ಬ್ರಹ್ಮಹೃದಯದ ತೂಕ ಇಳಿದದ್ದು ಹೇಗೆ?

ವಿಜಯಸಾರಥಿ ಪುಂಜದ ಬ್ರಹ್ಮಹೃದಯ ಬರಿಗಣ್ಣಿಗೆ ಒಂದೇ ಚುಕ್ಕಿ. ಅಲ್ಲಿರುವುದು 104 ದಿನಕ್ಕೊಮ್ಮೆ ಪರಸ್ಪರ ಸುತ್ತುವ ಎರಡು ದೈತ್ಯ ನಕ್ಷತ್ರಗಳು. 1920ರ ದಶಕದಲ್ಲಿ ಅವುಗಳ ತೂಕ ಸೂರ್ಯನ ಸುಮಾರು 4.2 ಮತ್ತು 3.3 ಪಟ್ಟು ಅನ್ನುತ್ತಿದ್ದರು. ಈಗಿನ ಲೆಕ್ಕ 2.57 ಮತ್ತು 2.48. ನಕ್ಷತ್ರವೇನೂ ಕರಗಿಲ್ಲ, ಅಳತೆ ಬದಲಾಗಿದೆ.

ಜೋಡಿ ನಕ್ಷತ್ರ ಅಳೆಯುವುದರ ಹಿಂದಿನ ಕಥೆ ಚಿಕ್ಕದು. 1783ರಲ್ಲಿ ಗುಡ್‌ರಿಕ್ ಆಲ್ಗಾಲ್ ನಕ್ಷತ್ರ ಮಂಕಾಗುವುದಕ್ಕೆ ಗ್ರಹಣ ಕಾರಣವಿರಬಹುದೆಂದ, 1827ರಲ್ಲಿ ಸವಾರಿ ಜೋಡಿ ನಕ್ಷತ್ರವೊಂದರ ಕಕ್ಷೆ ಲೆಕ್ಕಹಾಕಿದ, ಶತಮಾನದ ಕೊನೆಗೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಸಿಗುವ ರೋಹಿತದ ಗೆರೆಗಳಿಂದ ನಕ್ಷತ್ರಗಳ ವೇಗವೂ ಸಿಕ್ಕಿತು.

ಹಗುರವಾದದ್ದು ಜೋರಾಗಿ ಓಡುತ್ತದೆ, ಭಾರವಾದದ್ದು ನಿಧಾನ. ಹಾಗಾಗಿ ಎರಡೂ ವೇಗ, ಸುತ್ತುವ ಅವಧಿ ಗೊತ್ತಿದ್ದರೆ ತೂಕ ತಿಳಿಯಬೇಕಲ್ವಾ? ಪೂರ್ತಿ ಇಲ್ಲ. ರೋಹಿತ ತೋರಿಸುವುದು ನಮ್ಮ ಕಡೆ ಬರುವ, ನಮ್ಮಿಂದ ದೂರ ಹೋಗುವ ವೇಗ ಮಾತ್ರ. ಕಕ್ಷೆ ಎಷ್ಟು ಓರೆಯಾಗಿದೆ ಎಂದೂ ಬೇಕು. ಅದೇ ಪುಂಜದ ಬೀಟಾ ನಕ್ಷತ್ರದಲ್ಲಿ ಜೋಡಿಗಳು ಒಂದನ್ನೊಂದು ಮರೆಮಾಡುತ್ತವೆ. ಬೆಳಕು ಎಷ್ಟು ಕುಸಿಯಿತು, ಎಷ್ಟು ಹೊತ್ತು ಕುಸಿಯಿತು ಎಂಬುದರಿಂದ ಓರೆ ಸುಮಾರು 77 ಡಿಗ್ರಿ ಎಂದು ಗೊತ್ತಾಗುತ್ತದೆ. ಬ್ರಹ್ಮಹೃದಯದಲ್ಲಿ ಗ್ರಹಣವೇ ಇಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ಗುರುತಿಸಬೇಕು. ಅವುಗಳ ನಡುವಿನ ಅಂತರವೋ ಡಿಗ್ರಿಯ 3600ನೇ ಒಂದು ಪಾಲಾದ ಆರ್ಕ್‌ಸೆಕೆಂಡಿನ ಸುಮಾರು 18ನೇ ಒಂದು ಪಾಲು. ಆದರೂ 1920ರ ಹೊತ್ತಿಗೆ ಮೌಂಟ್ ವಿಲ್ಸನ್‌ನ 100 ಇಂಚಿನ ದೂರದರ್ಶಕದಲ್ಲಿ ಆ್ಯಂಡರ್ಸನ್ ಬೆಳಕಿನ ಪಟ್ಟೆಗಳ ಮೂಲಕ ಅದನ್ನು ಅಳೆದರು. ಅಂದು ಸಿಕ್ಕ ಓರೆ ಇಂದಿನ ಲೆಕ್ಕಕ್ಕೆ ತೀರಾ ಹತ್ತಿರ. ಕಷ್ಟದ ಅಳತೆ ಸರಿಯಾಗಿಯೇ ಬಂತು. ಎಡವಟ್ಟಾದದ್ದು ಸುಲಭ ಅಂದುಕೊಂಡ ಕಡೆ.

ಜೋಡಿಯಲ್ಲಿ ತಂಪಾದ ನಕ್ಷತ್ರ ತನ್ನ ಸುತ್ತ ನಿಧಾನವಾಗಿ ತಿರುಗುತ್ತದೆ, ಅದರ ಗೆರೆಗಳು ಚೂಪು. ನಮ್ಮ ಕಡೆ ಬರುವ, ದೂರ ಹೋಗುವ ಅದರ ವೇಗ ಸೆಕೆಂಡಿಗೆ 26 ಕಿ.ಮೀ., ಇದರಲ್ಲಿ ತಕರಾರಿಲ್ಲ. ಬಿಸಿ ನಕ್ಷತ್ರ ಸುಮಾರು 8 ದಿನಕ್ಕೊಂದು ಸುತ್ತು ತಿರುಗುತ್ತದೆ, ಹಾಗಾಗಿ ಅದರ ಗೆರೆ ಹರಡಿಕೊಂಡು ಅಗಲವಾಗುತ್ತದೆ. ಈ ಎರಡು ಗೆರೆಗಳು ಅತಿ ದೂರ ಸರಿದಾಗಲೂ ಚೂಪು ಗೆರೆ ಅಗಲ ಗೆರೆಯ ಒಂದು ಅಂಚಿನ ಮೇಲೆ ಕೂತೇ ಇರುತ್ತದೆ. ಕಣ್ಣಿಗೆ ಚೆನ್ನಾಗಿ ಕಾಣುವುದು ಆಚೆ ಅಂಚು ಮಾತ್ರ. ನಡುಬಿಂದು ಆ ಕಡೆಗೇ ಸರಿದಂತೆ ತೋರಿದರೆ ವೇಗ ಜಾಸ್ತಿ ಬರುತ್ತದೆ.

ಲೆಕ್ಕ ಮಾಡಿ ನೋಡಿ. ಬಿಸಿ ನಕ್ಷತ್ರದ ವೇಗ 27 ಎಂದು ಹಾಕಿದರೆ ತಂಪು ನಕ್ಷತ್ರದ ತೂಕ ಸುಮಾರು 2.6. ಅದೇ 32.7 ಎಂದು ಹಾಕಿ, ಅಂದಿನ ಓರೆಯನ್ನೇ ಇಟ್ಟರೆ 4.2! ಸೂತ್ರದಲ್ಲಿ ಎರಡೂ ವೇಗಗಳ ಮೊತ್ತದ ವರ್ಗ ಬರುತ್ತದೆ, ಜೊತೆಗೆ ಜೊತೆಗಾರನ ವೇಗದಿಂದ ಇನ್ನೊಮ್ಮೆ ಗುಣಿಸಬೇಕು. ಸೆಕೆಂಡಿಗೆ ಆರು ಕಿ.ಮೀ.ಗೂ ಕಡಿಮೆ ತಪ್ಪು ಸುಮಾರು ಒಂದೂಕಾಲು ಸೂರ್ಯನಷ್ಟು ತೂಕವನ್ನು ಸುಮ್ನೆ ಹೆಚ್ಚಿಸಿಬಿಡುತ್ತದೆ.

ಈಚೆಗೂ ಇದು ಮುಗಿದಿರಲಿಲ್ಲ. 2009ರಲ್ಲಿ ತಂಪು ನಕ್ಷತ್ರಕ್ಕೆ ಬಂದ ತೂಕ 2.466, ತಪ್ಪಿನ ಮಿತಿ 0.018. 2011ರಲ್ಲಿ ಟೆನೆರಿಫ್ ದ್ವೀಪದ ಸ್ವಯಂಚಾಲಿತ ದೂರದರ್ಶಕದ ರೋಹಿತಗಳು ಅದನ್ನು 2.57ಕ್ಕೆ ಏರಿಸಿದವು, 2015ರ ಲೆಕ್ಕವೂ ಅಲ್ಲೇ ನಿಂತಿತು. ಜಿಗಿತ ಹೇಳಿಕೊಂಡ ತಪ್ಪಿನ ಮಿತಿಯ ಐದು ಪಟ್ಟಿಗಿಂತ ಹೆಚ್ಚು. ಆ ಮಿತಿ ಹೇಳುವುದು ಅಳತೆಯ ಚುಕ್ಕಿಗಳು ಕಕ್ಷೆಯ ವಕ್ರರೇಖೆಗೆ ಎಷ್ಟು ಚೆನ್ನಾಗಿ ಕೂತವು ಎಂದಷ್ಟೇ. ಅಗಲ ಗೆರೆಯ ನಡುವನ್ನು ಎಲ್ಲರೂ ಒಂದೇ ಕಡೆಗೆ ತಪ್ಪಾಗಿ ಹಿಡಿದಿದ್ದರೆ ಅದು ಅಲ್ಲಿ ಕಾಣುವುದೇ ಇಲ್ಲ.