ದುಂಡಗಿನ ಪ್ರೊಫೈಲ್ ಫೋಟೋದಲ್ಲಿ ತಲೆ ಮೇಲೆ ಎಷ್ಟು ಜಾಗ ಬಿಡಬೇಕು, ಭುಜ ಎಷ್ಟು ಕತ್ತರಿಸಬೇಕು?

ಪ್ರಶ್ನೆ: ಕೆಲಸ ಹುಡುಕುವ ಪೋರ್ಟಲ್‌ಗೆ ಫೋಟೋ ಹಾಕಿದೆ. ಅದು ದುಂಡಗೆ ಕತ್ತರಿಸಿ ತೋರಿಸುತ್ತದೆ. ಝೂಮ್ ಮಾಡಿದರೆ ಭುಜ ಹೋಗುತ್ತದೆ, ಮಾಡದಿದ್ದರೆ ಮುಖ ಚಿಕ್ಕದಾಗುತ್ತದೆ. ಎರಡೂ ಭುಜ ಪೂರ್ತಿ ಕಾಣಲೇಬೇಕು ಅಂತಾರೆ. ತಲೆ ಮೇಲೆ ಎಷ್ಟು ಬಿಡಲಿ?

ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಅದೇ ಭುಜದ ಮಾತು ಬರುತ್ತದೆ. ಅದಕ್ಕೇ ಈ ಸಲ ಅಳತೆ ಸಮೇತ ಬರೆದುಬಿಡುತ್ತೇನೆ.

ಮೊದಲು ನೇರ ಉತ್ತರ. ವೃತ್ತದ ಎತ್ತರವನ್ನು 100 ಅಂತ ಇಟ್ಟುಕೊಳ್ಳಿ. ನೆತ್ತಿಯ ಮೇಲೆ, ಅಂದರೆ ಕೂದಲಿನ ತುದಿಯ ಮೇಲೆ, 10 ಬಿಡಿ. ನೆತ್ತಿಯಿಂದ ಗದ್ದದವರೆಗೆ 60 ಬರಲಿ. ಗದ್ದದ ಕೆಳಗೆ 30 ಉಳಿಯುತ್ತದೆ, ಅದರಲ್ಲಿ ಕುತ್ತಿಗೆ, ಕಾಲರ್, ಭುಜದ ಇಳಿಜಾರಿನ ಆರಂಭ ಇಷ್ಟು ಕಂಡರೆ ಸಾಕು. ಭುಜದ ತುದಿಗಳು ಹೊರಗೆ ಹೋಗುತ್ತವೆ. ಹೋಗಲಿ.

ಈ ಅಳತೆ ಸುಮ್ನೆ ಬಾಯಿಗೆ ಬಂದದ್ದಲ್ಲ. ನಮ್ಮ ಕಣ್ಣು ಇರುವುದು ತಲೆಯ ಎತ್ತರದ ಸುಮಾರು ಅರ್ಧಕ್ಕೆ. ಮೇಲೆ 10 ಬಿಟ್ಟು 60ರ ತಲೆ ಇಟ್ಟರೆ ಕಣ್ಣು 40ರ ಗೆರೆಯ ಮೇಲೆ ಕೂರುತ್ತದೆ, ವೃತ್ತದ ನಡುಬಿಂದು ಮೂಗಿನ ಮೇಲೆ ಬರುತ್ತದೆ. ಕಣ್ಣು ನಡುವಿಗಿಂತ ಸ್ವಲ್ಪ ಮೇಲಿದ್ದರೆ ನೋಡುವವರಿಗೆ ಮುಖ ಸರಿಯಾಗಿ ನಿಂತ ಹಾಗೆ ಅನ್ನಿಸುತ್ತದೆ. ಕಣ್ಣನ್ನೇ ನಟ್ಟನಡುವೆ ಇಟ್ಟರೆ ತಲೆ ಕೆಳಗೆ ಜಾರಿದ ಹಾಗೆ ಕಾಣುತ್ತದೆ, ನೆತ್ತಿ ಮೇಲೆ ಖಾಲಿ ಜಾಗ ಜಾಸ್ತಿಯಾಗುತ್ತದೆ.

ಈಗ ಭುಜದ ವಿಷಯಕ್ಕೆ ಬರೋಣ. ನಿಜವಾದ ತೊಂದರೆ ಇರುವುದು ಇಲ್ಲೇ.

"ಎರಡೂ ಭುಜ ಪೂರ್ತಿ ಕಾಣಬೇಕು" ಅನ್ನುವ ಮಾತು ಎಲ್ಲಿಂದ ಬಂತು ಅಂತ ಕೇಳಿದರೆ ಎಲ್ಲರೂ ಹೇಳುವುದು ಒಂದೇ: ಪಾಸ್‌ಪೋರ್ಟ್ ಫೋಟೋದಲ್ಲಿ ಹಾಗೇ ಅಲ್ವಾ? ಸರಿ, ಪಾಸ್‌ಪೋರ್ಟ್ ಫೋಟೋವನ್ನೇ ಅಳೆದು ನೋಡೋಣ. ಹಲವು ದೇಶಗಳು ಕೇಳುವ 35×45 ಮಿಲಿಮೀಟರ್ ಫೋಟೋದಲ್ಲಿ ಗದ್ದದಿಂದ ನೆತ್ತಿಗೆ 32ರಿಂದ 36 ಮಿಲಿಮೀಟರ್ ಇರಬೇಕು. ಒಬ್ಬ ವಯಸ್ಕರ ಭುಜಗಳ ಅಗಲ, ತೋಳಿನ ಹೊರಬದಿಯಿಂದ ಹೊರಬದಿಗೆ ಅಳೆದರೆ, ತಲೆಯ ಎತ್ತರದ ಹತ್ತಿರಹತ್ತಿರ ಎರಡರಷ್ಟು. ಅಂದರೆ 64 ಮಿಲಿಮೀಟರ್ ಆದರೂ ಬೇಕು. ಫೋಟೋದ ಅಗಲ 35. ಭುಜ ಪೂರ್ತಿ ಹಿಡಿಸುವುದಕ್ಕೆ ಅಲ್ಲಿ ದಾರಿಯೇ ಇಲ್ಲ. ನಂಬಿಕೆ ಇಲ್ಲದಿದ್ದರೆ ನಿಮ್ಮ ಹಳೆಯ ಪಾಸ್‌ಪೋರ್ಟ್ ಫೋಟೋ ತೆಗೆದು ನೋಡಿ. ಎರಡೂ ಬದಿಗೆ ಭುಜ ಅಂಚಿಗೆ ತಾಗಿ ಹೊರಗೆ ಹೋಗಿರುತ್ತದೆ. ಆ ನಿಯಮ ಹುಟ್ಟಿತು ಅಂತ ನಾವು ನಂಬಿರುವ ಜಾಗದಲ್ಲೇ ಅದು ನಡೆಯುತ್ತಿಲ್ಲ. ಹಾಗಾದರೆ ಫೋಟೋ ತೆಗೆಯುವವರು "ಭುಜ ಕಾಣಲಿ, ನೇರ ಕೂತ್ಕೊಳ್ಳಿ" ಅಂತ ಹೇಳುವುದು ಯಾಕೆ? ಎರಡೂ ಭುಜ ಒಂದೇ ಎತ್ತರದಲ್ಲಿರಲಿ, ಮೈ ತಿರುಗದಿರಲಿ ಅಂತ. ಅದು ಕೂರುವ ಭಂಗಿಯ ಮಾತು. ನಾವು ಅದನ್ನು ಕತ್ತರಿಸುವ ನಿಯಮ ಮಾಡಿಕೊಂಡುಬಿಟ್ಟೆವು.

ಇನ್ನು ವೃತ್ತದಲ್ಲಿ ಇದು ಇನ್ನೂ ಕಷ್ಟ. ಚೌಕದೊಳಗೆ ಕೂತ ವೃತ್ತ ಆ ಚೌಕದ ನಾಲ್ಕೂ ಮೂಲೆ ಸೇರಿಸಿ 21.5% ಜಾಗ ತಿಂದುಹಾಕುತ್ತದೆ. ಭುಜ ಇರುವುದು ಸರಿಯಾಗಿ ಕೆಳಗಿನ ಎರಡು ಮೂಲೆಯಲ್ಲಿ! ಬುಡದಿಂದ 10ರಷ್ಟು ಮೇಲೆ ಬಂದು ಅಡ್ಡ ಗೆರೆ ಎಳೆದರೆ ಚೌಕದ ಅಗಲ ಅಲ್ಲಿ 100, ವೃತ್ತದ ಅಗಲ 60 ಮಾತ್ರ. ಚೌಕದಲ್ಲಿ ನೋಡಿ "ಭುಜ ಬಂತು" ಅಂದುಕೊಂಡು ಅಪ್‌ಲೋಡ್ ಮಾಡಿದವರು ಆಮೇಲೆ ಕಂಗಾಲಾಗುವುದು ಇದಕ್ಕೇ.

ಹಟ ಹಿಡಿದು ಎರಡೂ ಭುಜ ತುದಿಯವರೆಗೆ ವೃತ್ತದೊಳಗೆ ತರಲೇಬೇಕು ಅಂದರೆ ಏನಾಗುತ್ತದೆ, ಅದನ್ನೂ ಲೆಕ್ಕ ಹಾಕಿ ನೋಡಿದ್ದೇನೆ. ನೆತ್ತಿ ಮೇಲೆ ಅದೇ 10 ಬಿಟ್ಟು ಝೂಮ್ ಕಡಿಮೆ ಮಾಡುತ್ತಾ ಹೋದರೆ, ತಲೆಯ ಎತ್ತರ ಸುಮಾರು 42ಕ್ಕೆ ಇಳಿದಾಗ ಮಾತ್ರ ಭುಜದ ತುದಿಗಳು ಒಳಗೆ ಬರುತ್ತವೆ. 60 ಎಲ್ಲಿ, 42 ಎಲ್ಲಿ. ಎತ್ತರದ ಜೊತೆ ಅಗಲವೂ ಇಳಿಯುವುದರಿಂದ ಮುಖ ತುಂಬುವ ಜಾಗ ಹೆಚ್ಚುಕಡಿಮೆ ಅರ್ಧವಾಗಿಬಿಡುತ್ತದೆ. ಅಭ್ಯರ್ಥಿಗಳ ಪಟ್ಟಿಯಲ್ಲಿ ನಿಮ್ಮ ಫೋಟೋ 48 ಪಿಕ್ಸೆಲ್‌ನ ಪುಟ್ಟ ಬಿಲ್ಲೆಯಾಗಿ ಕಾಣುತ್ತದೆ ಅಂತ ಇಟ್ಟುಕೊಳ್ಳಿ. 60ರ ಲೆಕ್ಕದಲ್ಲಿ ತಲೆಗೆ 29 ಪಿಕ್ಸೆಲ್ ಸಿಗುತ್ತದೆ, 42ರ ಲೆಕ್ಕದಲ್ಲಿ 20. ಇಪ್ಪತ್ತು ಪಿಕ್ಸೆಲ್‌ನಲ್ಲಿ ಕೂದಲು, ಹಣೆ, ಕಣ್ಣು, ಬಾಯಿ ಎಲ್ಲಾ ಇರಬೇಕು. ಕಣ್ಣು ಒಂದು ಚುಕ್ಕೆ, ನಗು ಒಂದು ಗೀರು. ಅಷ್ಟನ್ನು ಕಳೆದುಕೊಂಡು ಪಡೆದದ್ದೇನು? ಅಂಗಿಯ ತೋಳು.

ಇನ್ನೊಂದು ಸೂಕ್ಷ್ಮ ಇದೆ. ಭುಜ ವೃತ್ತದೊಳಗೇ ಮುಗಿದರೆ ಎರಡೂ ಬದಿಯಲ್ಲಿ ಹಿನ್ನೆಲೆಯ ಸಣ್ಣ ಚೂರು ಉಳಿಯುತ್ತದೆ, ಆಗ ವ್ಯಕ್ತಿ ಎದೆಮಟ್ಟದ ಪ್ರತಿಮೆಯ ಹಾಗೆ ಕಾಣುತ್ತಾರೆ. ಭುಜದ ಗೆರೆ ಇಳಿಯುತ್ತಾ ಹೋಗಿ ವೃತ್ತದ ಅಂಚನ್ನು ಮುಟ್ಟಿದರೆ, ಆಚೆಗೂ ಮೈ ಇದೆ ಅಂತ ಕಣ್ಣೇ ತುಂಬಿಕೊಳ್ಳುತ್ತದೆ. ಹಾಗಂತ ಕುತ್ತಿಗೆಯಲ್ಲೇ ಕತ್ತರಿಸಬೇಡಿ, ತಲೆ ಗಾಳಿಯಲ್ಲಿ ತೇಲುತ್ತದೆ. ಕಾಲರ್‌ನ ಎರಡೂ ಬದಿ ಕಂಡು, ಭುಜದ ಇಳಿಜಾರು ಎಡಕ್ಕೂ ಬಲಕ್ಕೂ ಅಂಚಿಗೆ ತಾಗಿದೆಯಾ ನೋಡಿಕೊಳ್ಳಿ. ಪರೀಕ್ಷೆ ಇಷ್ಟೇ.

ಈಗ ಒಂದು ಫೋಟೋ ಹಿಡಿದು ಮಾಡೋಣ. ಫೋನಿನಲ್ಲಿ ನಿಲುವಾಗಿ ತೆಗೆದದ್ದು, ಸೊಂಟದಿಂದ ಮೇಲೆ, 3000 ಪಿಕ್ಸೆಲ್ ಅಗಲ, 4000 ಪಿಕ್ಸೆಲ್ ಎತ್ತರ. ಮೇಲಿನ ಅಂಚಿನಿಂದ ಅಳೆದರೆ ನೆತ್ತಿ 620ರಲ್ಲಿದೆ, ಗದ್ದ 1520ರಲ್ಲಿ. ತಲೆಯ ಎತ್ತರ 900 ಆಯಿತು. ಇದು 60 ಆಗಬೇಕಾದರೆ ಚೌಕ ಎಷ್ಟಿರಬೇಕು? 900 ಭಾಗಿಸು 0.6, ಅಂದರೆ 1500. ಅದರ ಹತ್ತನೇ ಒಂದು ಭಾಗ 150. ನೆತ್ತಿಯಿಂದ ಅಷ್ಟು ಮೇಲಕ್ಕೆ ಹೋದರೆ 470, ಚೌಕ ಶುರುವಾಗಬೇಕಾದದ್ದು ಅಲ್ಲಿಂದ. ಇನ್ನು ಅಡ್ಡಕ್ಕೆ. ಎರಡು ಕಣ್ಣುಗಳ ನಡುಭಾಗ ಎಡ ಅಂಚಿನಿಂದ 1580ರಲ್ಲಿದೆ. ಚೌಕದ ಅರ್ಧ 750 ಕಳೆದರೆ 830. ಫೋನಿನ ಎಡಿಟರ್‌ನಲ್ಲಾದರೆ ಅನುಪಾತವನ್ನು 1:1ಕ್ಕೆ ಇಟ್ಟು ಕಣ್ಣಳತೆಯಲ್ಲೇ ಇಷ್ಟು ಮಾಡಬಹುದು. ಕಂಪ್ಯೂಟರ್‌ನಲ್ಲಿ ಇಮೇಜ್‌ಮ್ಯಾಜಿಕ್ ಇದ್ದವರಿಗೆ ಒಂದೇ ಸಾಲು:

```
magick photo.jpg -auto-orient -crop 1500x1500+830+470 +repage -resize 800x800 profile.jpg
```

ಇಲ್ಲಿ `-auto-orient` ಬಿಡಬೇಡಿ. ಫೋನಿನ ಫೋಟೋ ಎಷ್ಟೋ ಸಲ ಒಳಗೆ ಅಡ್ಡವಾಗಿಯೇ ಉಳಿದಿರುತ್ತದೆ, ತಿರುಗಿಸಿ ತೋರಿಸು ಅನ್ನುವ ಗುರುತು ಮಾತ್ರ ಜೊತೆಗಿರುತ್ತದೆ. ಅದನ್ನು ಮೊದಲು ತಿರುಗಿಸದಿದ್ದರೆ ಅಳತೆ ಎಲ್ಲಾ ತಪ್ಪುತ್ತದೆ.

ಇದೇ ಫೋಟೋವನ್ನು ಏನೂ ಮಾಡದೆ ಹಾಕಿ, ಪೋರ್ಟಲ್ ತಾನೇ ನಟ್ಟನಡುವಿನ ಚೌಕ ತೆಗೆದುಕೊಂಡರೆ? 3000ದ ಚೌಕದಲ್ಲಿ 900ರ ತಲೆ. ಅಂದರೆ 30%. ಅದೂ ಮೇಲಿನ ಅಂಚಿಗೆ ಒತ್ತಿಕೊಂಡು, ನೆತ್ತಿ ಮೇಲೆ ಬರೀ 4% ಜಾಗ ಇಟ್ಟುಕೊಂಡು. 48 ಪಿಕ್ಸೆಲ್‌ನಲ್ಲಿ ತಲೆಗೆ 14 ಸಿಗುತ್ತದೆ, ವೃತ್ತದ ನಡುವೆ ಕೂರುವುದು ಎದೆ. "ನನ್ನ ಫೋಟೋ ಚೆನ್ನಾಗೇ ಇತ್ತು, ಪೋರ್ಟಲ್ ಹಾಳು ಮಾಡಿತು" ಅನ್ನುವವರಲ್ಲಿ ಬಹಳ ಜನರಿಗೆ ಆಗಿರುವುದು ಇದೇ.

ನೆತ್ತಿ ಮೇಲಿನ 10 ಎಲ್ಲರಿಗೂ ಸರಿಹೋಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸಾಮಾನ್ಯ ತಲೆ ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ, ವೃತ್ತವೂ ಹಾಗೇ, ಅದಕ್ಕೇ ಎರಡೂ ಹೊಂದಿಕೊಳ್ಳುತ್ತವೆ. ಆದರೆ ದಟ್ಟ ಗುಂಗುರು ಕೂದಲು ಅಥವಾ ಪೇಟ ಇದ್ದರೆ ಅಗಲ ಇರುವುದೇ ಮೇಲೆ. ಆಗ ನೆತ್ತಿಯ ಮೇಲೆ ಜಾಗ ಇದ್ದರೂ ಓರೆಯಾಗಿ, ಗಡಿಯಾರದ 10 ಮತ್ತು 2 ಇರುವ ಕಡೆ, ಕೂದಲು ಅಂಚಿಗೆ ತಾಗುತ್ತದೆ. ಮೇಲಿನ ಜಾಗ ನೋಡುವ ಬದಲು ಆ ಎರಡು ಮೂಲೆಗಳನ್ನು ನೋಡಿ, ಅಲ್ಲಿ ಹಿನ್ನೆಲೆ ಕಾಣುವವರೆಗೆ ಝೂಮ್ ಇಳಿಸಿ. ಕೂದಲನ್ನೂ ಪೇಟವನ್ನೂ ಸೇರಿಸಿ ಅಳೆದದ್ದೇ 60 ಆದರೂ ಪರವಾಗಿಲ್ಲ, ಮುಖ ಸ್ವಲ್ಪ ಚಿಕ್ಕದಾಗುತ್ತದೆ ಅಷ್ಟೇ.

ಪಾಸ್‌ಪೋರ್ಟ್ ಫೋಟೋ ಅಂದೆನಲ್ಲ, ಅದನ್ನೇ ಸ್ಕ್ಯಾನ್ ಮಾಡಿ ಹಾಕಿದರೆ ಆಗಲ್ವಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಮುಂದಿನ ಪ್ರಶ್ನೆ ಅದೇ ಆಗಿರುತ್ತದೆ. ಆಗುವುದಿಲ್ಲ. ಅದರಲ್ಲಿ ತಲೆ 34 ಮಿಲಿಮೀಟರ್ ಇದ್ದರೆ 60ರ ಲೆಕ್ಕಕ್ಕೆ ಸುಮಾರು 57 ಮಿಲಿಮೀಟರ್‌ನ ಚೌಕ ಬೇಕು. ಫೋಟೋದ ಅಗಲವೇ 35. ಅದರೊಳಗಿಂದ ತೆಗೆಯಬಹುದಾದ ಅತಿ ದೊಡ್ಡ ಚೌಕದಲ್ಲೂ ತಲೆ ನೆತ್ತಿಯಿಂದ ಗದ್ದದವರೆಗೆ ಪೂರ್ತಿ ತುಂಬಿಕೊಳ್ಳುತ್ತದೆ, ದುಂಡಗೆ ಮಾಡಿದಾಗ ನೆತ್ತಿ ಮತ್ತು ಗದ್ದ ಅಂಚಿಗೆ ತಾಗುತ್ತವೆ. ಹಿಂದಿನ ಗೋಡೆ ಒಂದೇ ಬಣ್ಣ ಇದ್ದರೆ ಎಡಬಲಕ್ಕೆ ಅದೇ ಬಣ್ಣ ಬಳಿದು ಅಗಲ ಮಾಡಬಹುದು ಅಂತ ಅನ್ನಿಸುತ್ತದೆ, ಆದರೆ ಕತ್ತರಿಸಿಹೋದ ಭುಜದ ಅಂಚು ಅಲ್ಲಿ ನೇರ ಗೆರೆಯಾಗಿ ಎದ್ದು ಕಾಣುತ್ತದೆ. ಹೊಸ ಫೋಟೋ ತೆಗೆಸಿ. ತೆಗೆಯುವಾಗಲೇ ಸುತ್ತ ಧಾರಾಳ ಜಾಗ ಬಿಡಿ, ಸೊಂಟದಿಂದ ಮೇಲೆ ಬರಲಿ. ಇದ್ದ ಜಾಗವನ್ನು ಕತ್ತರಿಸಬಹುದು, ಇಲ್ಲದ್ದನ್ನು ತರುವುದು ಕಷ್ಟ.

ಮತ್ತೆ, ಯಾವುದೋ ಆ್ಯಪ್‌ನಲ್ಲಿ ನೀವೇ ದುಂಡಗೆ ಕತ್ತರಿಸಿ ಹಾಕಬೇಡಿ. ಪೋರ್ಟಲ್ ಸಾಮಾನ್ಯವಾಗಿ ನಿಮ್ಮ ಚೌಕದ ಫೋಟೋವನ್ನು ಹಾಗೇ ಇಟ್ಟುಕೊಂಡು ತೋರಿಸುವಾಗ ಮಾತ್ರ `border-radius: 50%` ಅಂತ ಮೂಲೆ ಮುಚ್ಚುತ್ತದೆ. ನೀವು ಮೊದಲೇ ದುಂಡಗೆ ಮಾಡಿದರೆ ಮೂಲೆಗಳು ಪಾರದರ್ಶಕವಾಗುತ್ತವೆ, ಅದು ಜೆಪೆಗ್‌ಗೆ ಬದಲಾಗುವಾಗ ಬಿಳಿಯೋ ಕಪ್ಪೋ ಆಗುತ್ತದೆ. ಅವರ ವೃತ್ತ ನಿಮ್ಮ ವೃತ್ತದ ಮೇಲೆ ಒಂದೆರಡು ಪಿಕ್ಸೆಲ್ ಆಚೀಚೆ ಕೂತರೂ ಒಂದು ಬದಿಗೆ ಹರಿದ ಉಗುರಿನ ಹಾಗೆ ಗೆರೆ ಉಳಿಯುತ್ತದೆ. ಎಲ್ಲೋ ಚೌಕವಾಗಿ ತೋರಿಸಿದರಂತೂ ನಾಲ್ಕೂ ಮೂಲೆ ಬಿಳಿಯಾಗಿಯೋ ಕಪ್ಪಾಗಿಯೋ ನಿಲ್ಲುತ್ತದೆ. ಮೇಲಿನ 1500ರ ಚೌಕವನ್ನು 800ಕ್ಕೆ ಇಳಿಸಿ ಚೌಕವಾಗಿಯೇ ಹಾಕಿ. ಪೋರ್ಟಲ್‌ನ ಝೂಮ್ ಗುಂಡಿ ಮುಟ್ಟದೆ ಸೇವ್ ಮಾಡಿ, ಆಮೇಲೆ ಫೋನನ್ನು ಕೈಯಳತೆ ದೂರ ಹಿಡಿದು ಪಟ್ಟಿಯಲ್ಲಿ ಬರುವ ಪುಟ್ಟ ಚಿತ್ರ ನೋಡಿ. ಕಣ್ಣು ಕಣ್ಣಾಗಿ ಕಂಡರೆ ಸರಿಯಾಗಿದೆ.